ಸಿಓಡಿ ಪಾರ್ಸೆಲ್ ವಾಪಸ್ ಬರುವುದು ತೀರ್ಮಾನವಾಗುವುದು ಮೊದಲ ದಿನ ಸಂಜೆಯೇ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಫಿಲ್ಟರ್ ಕಾಫಿ ಪುಡಿ ಮಾರ್ತೀವಿ. ತಿಂಗಳಿಗೆ ನೂರರ ಹತ್ತಿರ ಆರ್ಡರ್, ಹೆಚ್ಚಿನವು ಕ್ಯಾಶ್ ಆನ್ ಡೆಲಿವರಿ. ಹತ್ತರಲ್ಲಿ ಮೂರು ವಾಪಸ್ ಬರ್ತಿವೆ. ಕೊರಿಯರ್‌ನವರು ಗಿರಾಕಿ ಸಿಗಲಿಲ್ಲ ಅಂತಾರೆ, ಗಿರಾಕಿ ಯಾರೂ ಬರಲೇ ಇಲ್ಲ ಅಂತಾರೆ. ನಮಗೆ ಹೋಗೋ ಚಾರ್ಜು, ಬರೋ ಚಾರ್ಜು ಎರಡೂ ಬೀಳ್ತಿದೆ. ವಾಪಸ್ ಬಂದ ಒಂಬತ್ತು ಪಾರ್ಸೆಲ್ ಮೇಜಿನ ಮೇಲೆ ಕೂತಿವೆ, ಏನು ಮಾಡಲಿ? ಸಿಓಡಿ ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ, ಕನಿಷ್ಠ ಈಗಲೇ ಬೇಡ. ಹಾಸನದಲ್ಲಿ ಹನ್ನೊಂದು ವರ್ಷ ಒಂದು ಕೊರಿಯರ್ ಕಂಪನಿಯ ಫ್ರಾಂಚೈಸಿ ನಡೆಸಿದವನು ನಾನು. ಈಗ ಸಕಲೇಶಪುರ, ಮೂಡಿಗೆರೆ ಕಡೆಯ ಸಣ್ಣ ಮಾರಾಟಗಾರರ ಪಾರ್ಸೆಲ್ ನೋಡಿಕೊಳ್ಳುತ್ತೇನೆ. ಅಂದರೆ ಕೌಂಟರ್‌ನ ಎರಡೂ ಕಡೆ ನಿಂತವನು. ಗಿರಾಕಿಯೂ ಸುಳ್ಳು ಹೇಳುತ್ತಿಲ್ಲ, ಕೊರಿಯರ್‌ನವರೂ ಎಲ್ಲ ಸಲ ಸುಳ್ಳು ಹೇಳುತ್ತಿಲ್ಲ ಅನ್ನುವುದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಬೇಡ ಅಂತ ಬಾಗಿಲಲ್ಲೇ ವಾಪಸ್ ಮಾಡಿದ ಪಾರ್ಸೆಲ್ ಬೇರೆ, ಬಾಗಿಲಿಗೇ ಹೋಗದ ಪಾರ್ಸೆಲ್ ಬೇರೆ. ಎರಡೂ ನಿಮ್ಮ ಮೇಜಿನ ಮೇಲೆ ಒಂದೇ ಥರ ಕೂರುತ್ತವೆ, ಅದೇ ತೊಂದರೆ.

ಮೊದಲು ದುಡ್ಡಿನ ಲೆಕ್ಕ ಹಾಕೋಣ, ಯಾಕಂದ್ರೆ ಹತ್ತಕ್ಕೆ ಮೂರು ಅನ್ನುವುದು ಕೇಳಲು ಸಣ್ಣದಾಗಿ ಕಾಣುತ್ತದೆ. ಅರ್ಧ ಕೆಜಿಯ ಎರಡು ಪ್ಯಾಕೆಟ್, ಬೆಲೆ ₹650 ಅಂದುಕೊಳ್ಳಿ. ಪುಡಿ ಮತ್ತು ಪೌಚ್‌ಗೆ ₹430, ರಟ್ಟಿನ ಡಬ್ಬ ಮತ್ತು ಟೇಪ್‌ಗೆ ₹25, ಹೋಗುವ ಚಾರ್ಜ್ ₹95, ಸಿಓಡಿ ಶುಲ್ಕ ₹40. ಒಂದು ಪಾರ್ಸೆಲ್ ಸರಿಯಾಗಿ ತಲುಪಿದರೆ ಉಳಿಯುವುದು ₹60. ಅದೇ ಪಾರ್ಸೆಲ್ ವಾಪಸ್ ಬಂದರೆ ಹೋಗುವ ₹95, ಬರುವ ₹85, ಹಾಳಾದ ಡಬ್ಬದ ₹25 ಸೇರಿ ₹205 ಹೋಯಿತು. ಸಿಓಡಿ ಶುಲ್ಕವನ್ನು ಸಾಮಾನ್ಯವಾಗಿ ವಾಪಸ್ ಜಮಾ ಮಾಡುತ್ತಾರೆ, ಅದನ್ನು ಬಿಲ್‌ನಲ್ಲಿ ನೋಡಿಕೊಳ್ಳಿ. ಇನ್ನು ಹತ್ತು ಪಾರ್ಸೆಲ್ ಲೆಕ್ಕ: ಏಳು ತಲುಪಿದರೆ ₹420 ಬಂತು, ಮೂರು ವಾಪಸ್ ಬಂದರೆ ₹615 ಹೋಯಿತು. ಹತ್ತು ಡಬ್ಬ ಕಟ್ಟಿ, ಮೇಲಿಂದ ₹195 ಕೈಯಿಂದ ಹಾಕಿದಿರಿ. ಮೂರರ ಬದಲು ಎರಡು ವಾಪಸ್ ಬಂದರೆ ₹70 ಉಳಿಯುತ್ತದೆ. ಒಂದೇ ಬಂದರೆ ₹335. ಇವು ಉದಾಹರಣೆಯ ಅಂಕಿಗಳು, ನಿಮ್ಮ ಬಿಲ್ ನೋಡಿ ನಿಮ್ಮವನ್ನು ಹಾಕಿ. ಆದರೆ ಲೆಕ್ಕದ ಆಕಾರ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅಂದರೆ ನೀವು ಮೂರನ್ನೂ ತಡೆಯಬೇಕಿಲ್ಲ, ಒಂದೂವರೆಯನ್ನು ತಡೆದರೆ ಸಾಕು.

ಹಾಗೇ ಡಬ್ಬದ ಅಳತೆ ಒಮ್ಮೆ ನೋಡಿ. ಕೊರಿಯರ್‌ನವರು ತಕ್ಕಡಿಯ ತೂಕ ಮಾತ್ರ ನೋಡಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬರುವ ಕೆಜಿಯನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. 30, 25, 12ರ ಡಬ್ಬ ಆದರೆ 1.8 ಕೆಜಿ ಆಗುತ್ತದೆ, ಒಳಗೆ ಇರುವುದು ಒಂದೂ ಚಿಲ್ಲರೆ ಕೆಜಿ. ಬರುವಾಗಲೂ ಅದೇ ಲೆಕ್ಕ, ಹಾಗಾಗಿ ಗಾಳಿಗೆ ಎರಡು ಸಲ ದುಡ್ಡು ಕಟ್ಟಿದ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ಆರ್‌ಟಿಓ ಅಂತೀವಲ್ಲ (ಲೈಸೆನ್ಸ್ ಮಾಡಿಸೋ ಆಫೀಸಲ್ಲ, ಕಳಿಸಿದವರಿಗೆ ವಾಪಸ್ ಅಂತ ಅರ್ಥ), ಅದು ಆ ಸ್ಥಿತಿ ತೆರೆ ಮೇಲೆ ಬಂದ ದಿನ ಆಗುವುದಲ್ಲ. ಮೊದಲ ಸಲ ಡೆಲಿವರಿ ತಪ್ಪಿದ ದಿನ ಸಂಜೆಯೇ ಅರ್ಧ ಆಗಿಹೋಗಿರುತ್ತದೆ. ಬ್ರಾಂಚ್‌ನಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಬೆಳಗ್ಗೆ ಗಾಡಿ ಬರುತ್ತದೆ, ಪಾರ್ಸೆಲ್ ಇಳಿಸಿ ಏರಿಯಾವಾರು ಬೇರೆ ಮಾಡುತ್ತಾರೆ, ಪ್ರತಿ ಡೆಲಿವರಿ ಹುಡುಗನಿಗೂ ಅವತ್ತು ತಲುಪಿಸಬೇಕಾದ ಪಾರ್ಸೆಲ್‌ಗಳ ಪಟ್ಟಿ, ಅಂದರೆ ಒಂದು ರನ್ ಶೀಟ್ ಆಗುತ್ತದೆ. ಆ ಶೀಟ್‌ನಲ್ಲಿರುವ ಪ್ರತಿ ಪಾರ್ಸೆಲ್‌ಗೂ ರಾತ್ರಿಯೊಳಗೆ ಏನಾದರೂ ಒಂದು ಸ್ಥಿತಿ ಹಾಕಲೇಬೇಕು. ಡೆಲಿವರಿ ಆಯಿತು ಅಂತ, ಇಲ್ಲ ಅಂದರೆ ಯಾಕೆ ಆಗಲಿಲ್ಲ ಅಂತ. ಹೆಚ್ಚಿನ ಹುಡುಗರಿಗೆ ದುಡ್ಡು ಸಿಗುವುದು ತಲುಪಿಸಿದ ಪಾರ್ಸೆಲ್ ಲೆಕ್ಕದಲ್ಲಿ. ಹತ್ತು ಕಿಲೋಮೀಟರ್ ಒಳಗಿರುವ ಒಂದೇ ಮನೆಗೆ ಸ್ವಂತ ಪೆಟ್ರೋಲ್ ಸುಟ್ಟುಕೊಂಡು, ಮಳೆಯಲ್ಲಿ, ಫೋನ್ ಎತ್ತದ ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಬದಲು ರಾತ್ರಿ ಎಂಟೂವರೆಗೆ ಬ್ರಾಂಚ್‌ನಲ್ಲಿ ಕೂತು "Customer not available" ಒತ್ತಿಬಿಡುತ್ತಾನೆ. ತಪ್ಪೇ. ಆದರೆ ಅವನು ಕೆಟ್ಟವನು ಅಂತ ಮಾಡುವುದಲ್ಲ, ಶೀಟ್ ಮುಚ್ಚಬೇಕು ಅಂತ ಮಾಡುವುದು. ನನ್ನ ಬ್ರಾಂಚ್‌ನಲ್ಲೂ ಇದು ನಡೆದಿದೆ, ಸುಮ್ನೆ ಒಳ್ಳೆಯವನ ಹಾಗೆ ಮಾತಾಡಲ್ಲ.

ಸುಳ್ಳು ಪ್ರಯತ್ನವನ್ನು ಗುರುತು ಹಿಡಿಯುವುದು ಹೇಗೆ? ಸಮಯ ನೋಡಿ. ನೀವು ಪಾರ್ಸೆಲ್ ಬುಕ್ ಮಾಡುವ ಕೊರಿಯರ್ ಪ್ಯಾನೆಲ್‌ನಲ್ಲಿ ಆ ಪಾರ್ಸೆಲ್‌ನ ಪೂರ್ತಿ ಟ್ರ್ಯಾಕಿಂಗ್ ತೆಗೆದರೆ ಪ್ರಯತ್ನದ ಗಂಟೆ ನಿಮಿಷ ಸಿಗುತ್ತದೆ. ಹಗಲು ಹನ್ನೊಂದೂವರೆಗೋ ನಾಲ್ಕಕ್ಕೋ ಬಿದ್ದಿದ್ದರೆ ಹುಡುಗ ದಾರಿಯಲ್ಲಿದ್ದ ಅನ್ನಬಹುದು. ರಾತ್ರಿ ಎಂಟರಿಂದ ಹತ್ತರೊಳಗೆ ಬಿದ್ದಿದ್ದರೆ, ಅದರಲ್ಲೂ ಒಂದೇ ಬ್ರಾಂಚ್‌ನ ನಿಮ್ಮ ಎರಡು ಮೂರು ಪಾರ್ಸೆಲ್‌ಗಳಿಗೆ ಒಂದೆರಡು ನಿಮಿಷದ ಅಂತರದಲ್ಲಿ ಬಿದ್ದಿದ್ದರೆ, ಯಾರೂ ಎಲ್ಲಿಗೂ ಹೋಗಿಲ್ಲ. ಗಿರಾಕಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ನಿನ್ನೆ ಹಗಲು ಗೊತ್ತಿಲ್ಲದ ನಂಬರ್‌ನಿಂದ ಕರೆ ಬಂದಿತ್ತಾ, ಕಾಲ್ ಲಿಸ್ಟ್ ನೋಡಿ ಹೇಳಿ ಅಂತ. ಬಂದಿರಲಿಲ್ಲ ಅಂದರೆ ಆ ಕಾಲ್ ಲಿಸ್ಟ್‌ನ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ದೂರು ಹಾಕುವಾಗ ಆ ಸ್ಕ್ರೀನ್‌ಶಾಟ್ ಮತ್ತು ರಾತ್ರಿಯ ಸಮಯ ಎರಡನ್ನೂ ಸೇರಿಸಿ ಹಾಕಿ. "ನಿಮ್ಮವರು ಹೋಗಿಲ್ಲ" ಅಂತ ಬರೆದ ದೂರಿಗೂ ಇದಕ್ಕೂ ಸಿಗುವ ಉತ್ತರದಲ್ಲಿ ತುಂಬಾ ವ್ಯತ್ಯಾಸ ಇದೆ. ಕೆಲವು ಕೊರಿಯರ್‌ಗಳು ನಿರಾಕರಿಸಿದ ಪಾರ್ಸೆಲ್‌ಗೆ ಗಿರಾಕಿಯ ಫೋನ್‌ಗೆ ಬಂದ ಓಟಿಪಿ ಕೇಳುತ್ತವೆ. ಅಂಥ ಕಡೆ ಓಟಿಪಿ ಇಲ್ಲದೆ ನಿರಾಕರಣೆ ಅಂತ ಬಿದ್ದಿದ್ದರೆ ವಾಪಸ್ ಚಾರ್ಜ್ ಕೊಡಲ್ಲ ಅಂತ ವಾದ ಮಾಡಲು ನಿಮಗೆ ಜಾಗ ಇದೆ.

ಪಾರ್ಸೆಲ್ ತಲುಪದೆ ಉಳಿದ ಕೂಡಲೇ ನಿಮ್ಮ ಪ್ಯಾನೆಲ್‌ನಲ್ಲಿ ಎನ್‌ಡಿಆರ್, ಅಂದರೆ ಡೆಲಿವರಿ ಆಗದವು ಅನ್ನುವ ಪಟ್ಟಿಗೆ ಬಂದು ಕೂರುತ್ತದೆ. ಅಲ್ಲಿ ನಿಮ್ಮ ಕೈಯಲ್ಲಿ ಎರಡೇ ದಾರಿ: ಮತ್ತೆ ಕಳಿಸಿ ಅನ್ನುವುದು, ಇಲ್ಲ ವಾಪಸ್ ಕೊಡಿ ಅನ್ನುವುದು. ನೀವು ಏನೂ ಹೇಳದೆ ಬಿಟ್ಟರೆ ಅವರೇ ಒಂದೆರಡು ಸಲ ಹಳೆ ನಂಬರ್, ಹಳೆ ವಿಳಾಸಕ್ಕೇ ಮತ್ತೆ ಶೀಟ್‌ಗೆ ಹಾಕುತ್ತಾರೆ, ಸಾಮಾನ್ಯವಾಗಿ ಮೂರು ಪ್ರಯತ್ನ ಮುಗಿದ ಮೇಲೆ "RTO Initiated" ಆಗುತ್ತದೆ. ಅದಾದ ಮೇಲೆ ಗಿರಾಕಿ ಕಾಲಿಗೆ ಬಿದ್ದು ಕೇಳಿದರೂ ಪಾರ್ಸೆಲ್ ತಿರುಗಿಸುವುದು ಹೆಚ್ಚುಕಡಿಮೆ ಆಗದ ಮಾತು. ವಾಪಸ್ ಚೀಲ ಕಟ್ಟಿ ಹಬ್‌ಗೆ ಹೋಗಿರುತ್ತದೆ. ಬೆಳಗಿನ ಶೀಟ್ ಆಗುವ ಮುಂಚೆ, ಅಂದರೆ ಹಿಂದಿನ ರಾತ್ರಿಯೊಳಗೆ, ನೀವು "Re-attempt" ಹಾಕಿ ಹೊಸ ಮಾಹಿತಿ ಕೊಟ್ಟಿರಬೇಕು. ದಿನಕ್ಕೆ ಎರಡು ಸಲ ಆ ಪಟ್ಟಿ ತೆಗೆಯಿರಿ, ಮಧ್ಯಾಹ್ನ ಊಟ ಆದ ಮೇಲೆ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ. ಆ ರಾತ್ರಿಯದೇ ಮುಖ್ಯ. ಅಷ್ಟು ಹೊತ್ತಿಗೆ ಗಿರಾಕಿಗೆ ಕರೆ ಮಾಡುವುದು ಸರಿಯಲ್ಲ ಅನಿಸಿದರೆ ವಾಟ್ಸಾಪ್ ಹಾಕಿ, ಬೆಳಗ್ಗೆ ಏಳಕ್ಕೆ ಕರೆ ಮಾಡಿ.

"Re-attempt" ಸುಮ್ನೆ ಒತ್ತಿದರೆ ಏನೂ ಪ್ರಯೋಜನವಿಲ್ಲ. ಅದೇ ಹುಡುಗ, ಅದೇ ನಂಬರ್, ಅದೇ ಫಲ. ಏನಾದರೂ ಒಂದು ಬದಲಾಗಬೇಕು: ನಂಬರ್, ಗುರುತು, ದಿನ, ಅಥವಾ ಮನೆಯಲ್ಲಿ ದುಡ್ಡು ಇರುವುದು. ಇದನ್ನು ಒಂದು ಪಾರ್ಸೆಲ್ ಕಥೆಯಲ್ಲೇ ಹೇಳುತ್ತೇನೆ.

ಸಕಲೇಶಪುರದ ಒಬ್ಬರು ಮೆಣಸು, ಏಲಕ್ಕಿ, ಜೇನು ಮಾರುತ್ತಾರೆ, ಅವರ ರವಾನೆ ನಾನು ನೋಡುತ್ತೇನೆ. ಹೊಸದುರ್ಗ ತಾಲೂಕಿನ ಒಂದು ಹಳ್ಳಿಗೆ ₹780ರ ಸಿಓಡಿ. ಸೋಮವಾರ ಇಲ್ಲಿಂದ ಹೋಯಿತು, ಗುರುವಾರ ಬ್ರಾಂಚ್‌ನಿಂದ ಡೆಲಿವರಿಗೆ ಹೊರಟಿತು, ಅವತ್ತೇ ರಾತ್ರಿ 8.40ಕ್ಕೆ ಗಿರಾಕಿ ಇಲ್ಲ ಅಂತ ಬಿತ್ತು. ನಾನು ಆ ರಾತ್ರಿ ಪಟ್ಟಿ ನೋಡಿರಲಿಲ್ಲ, ಮದುವೆ ಮನೆಯಲ್ಲಿದ್ದೆ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಕರೆ ಮಾಡಿದರೆ ಎತ್ತಿದ್ದು ಬೆಂಗಳೂರಿನಲ್ಲಿರುವ ಮಗ. ಅಪ್ಪ ಅಮ್ಮನಿಗೆ ಅಂತ ಊರಿಗೆ ಆರ್ಡರ್ ಮಾಡಿ ತನ್ನ ನಂಬರ್ ಕೊಟ್ಟಿದ್ದ. ಶಿಫ್ಟ್‌ನಲ್ಲಿರುವಾಗ ಗೊತ್ತಿಲ್ಲದ ನಂಬರ್ ಎತ್ತಲ್ವಂತೆ. ವಿಳಾಸದಲ್ಲಿ ಮನೆ ಹೆಸರು, ಊರ ಹೆಸರು ಬಿಟ್ಟರೆ ಏನಿಲ್ಲ. ಮನೆಯಲ್ಲಿ ಅಮ್ಮ ಇರ್ತಾರೆ, ಅಪ್ಪ ತೋಟದಲ್ಲಿ. ಅಮ್ಮನ ಹತ್ತಿರ ₹780 ಇರುವುದೂ ಅನುಮಾನ, ಫೋನ್‌ನಲ್ಲಿ ಯುಪಿಐ ಅಂತೂ ಇಲ್ಲ. ಅಂದರೆ ಹುಡುಗ ನಿಜವಾಗಿ ಹೋಗಿದ್ದರೂ ಆ ಪಾರ್ಸೆಲ್ ಅವತ್ತು ಡೆಲಿವರಿ ಆಗ್ತಿರಲಿಲ್ಲ!

ಮಗ ಒಳ್ಳೆಯವನು. "ಸಾರ್, ದುಡ್ಡು ಈಗಲೇ ನಿಮಗೆ ಗೂಗಲ್ ಪೇ ಮಾಡ್ತೀನಿ, ಸುಮ್ನೆ ಕೊಟ್ಟು ಹೋಗೋಕೆ ಹೇಳಿ" ಅಂದ. ಇಲ್ಲಿ ಎಲ್ಲರೂ ಮಾಡುವ ತಪ್ಪು ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಪಾರ್ಸೆಲ್ ಸಿಓಡಿ ಅಂತ ಬುಕ್ ಆಗಿದ್ದರೆ ಹುಡುಗನ ಆ್ಯಪ್‌ನಲ್ಲಿ ಆ ಮೊತ್ತ ಕಾಣುತ್ತದೆ, ವಸೂಲಿ ತೋರಿಸದೆ ಅವನು ಡೆಲಿವರಿ ಮುಚ್ಚಲು ಆಗಲ್ಲ, ಮುಚ್ಚಿದರೆ ಸಂಜೆ ಅಷ್ಟು ದುಡ್ಡು ಅವನ ಕೈಯಿಂದ ಹೋಗುತ್ತದೆ. ನೀವು ಗಿರಾಕಿಯಿಂದ ನೇರ ದುಡ್ಡು ತೆಗೆದುಕೊಂಡಿದ್ದೀರಿ ಅಂತ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಆಗ ಆಗುವುದು ಎರಡರಲ್ಲಿ ಒಂದು. ಗಿರಾಕಿ ಬಾಗಿಲಲ್ಲಿ ಜಗಳ ಆಡಿ ಪಾರ್ಸೆಲ್ ವಾಪಸ್, ಇಲ್ಲ ಅಂದರೆ ಎರಡು ಸಲ ದುಡ್ಡು ಕೊಟ್ಟು ನಿಮಗೆ ಬೈಗುಳ. ಕೆಲವು ಪ್ಯಾನೆಲ್‌ಗಳಲ್ಲಿ ಡೆಲಿವರಿಗೆ ಹೊರಡುವ ಮುಂಚೆ ಸಿಓಡಿಯನ್ನು ಪ್ರೀಪೇಯ್ಡ್ ಮಾಡುವ ಅವಕಾಶ ಇದೆ. ಅದು ಬದಲಾಗಿ, ಟ್ರ್ಯಾಕಿಂಗ್‌ನಲ್ಲಿ ಮೊತ್ತ ಸೊನ್ನೆ ಅಂತ ಕಂಡ ಮೇಲೆ ಮಾತ್ರ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳಿ. ಆ ಅವಕಾಶ ಇಲ್ಲದಿದ್ದರೆ ಬೇಡ, ದುಡ್ಡು ಬಾಗಿಲಲ್ಲೇ ಕೊಡಲಿ.

ನಮ್ಮ ಪ್ಯಾನೆಲ್‌ನಲ್ಲಿ ಆ ಸಮಯಕ್ಕೆ ಬದಲಾಯಿಸಲು ಆಗುತ್ತಿರಲಿಲ್ಲ. ಮಗನಿಗೆ ಹೇಳಿದೆ, ಅಪ್ಪನ ಅಕೌಂಟ್‌ಗೆ ಹಾಕಿ, ಇಲ್ಲ ಊರಿನ ಅಂಗಡಿಯವರಿಗೆ ಫೋನ್ ಮಾಡಿ ₹780 ಮನೆಗೆ ಕೊಡಿಸಿ ಅಂತ. ಅವನು ಅಂಗಡಿಯವರಿಗೇ ಹೇಳಿದ. ಅಪ್ಪನ ನಂಬರ್ ತೆಗೆದುಕೊಂಡು ಪ್ಯಾನೆಲ್‌ನಲ್ಲಿ ಹಾಕಿದೆ, ವಿಳಾಸದ ಜಾಗದಲ್ಲಿ "ಹಾಲಿನ ಡೈರಿ ಎದುರು, ಹಸಿರು ಗೇಟ್" ಅಂತ ಸೇರಿಸಿದೆ, ದಿನ ಶನಿವಾರ ಅಂತ ಕೊಟ್ಟೆ. ಶುಕ್ರವಾರದ ಶೀಟ್ ಬೆಳಗ್ಗೆಯೇ ಆಗಿಹೋಗಿತ್ತು, ಅದಕ್ಕೆ ಹಾಕಿದ್ದರೆ ಸುಮ್ನೆ ಇನ್ನೊಂದು ಪ್ರಯತ್ನ ಹಾಳಾಗುತ್ತಿತ್ತು, ಇರುವುದೇ ಮೂರು. ಬ್ರಾಂಚ್ ನಂಬರ್ ಹುಡುಕಿ ಅಲ್ಲಿಯವರಿಗೂ ಒಂದು ಮಾತು ಹೇಳಿದೆ. ಶನಿವಾರ ಮಧ್ಯಾಹ್ನ ಒಂದಕ್ಕೆ ಡೆಲಿವರಿ ಆಯಿತು. ಎಲ್ಲ ಸೇರಿ ನಾಲ್ಕು ಫೋನ್ ಕರೆ, ಹತ್ತು ನಿಮಿಷ.

ಅದೇ ವಾರ ಇನ್ನೊಂದು ಪಾರ್ಸೆಲ್. ಕರೆ ಮಾಡಿದರೆ ಆಕೆ "ಬೇಡ ಅಂತ ಅನ್ಸ್ತು ರೀ, ರಾತ್ರಿ ಮೊಬೈಲ್ ನೋಡ್ತಾ ಆರ್ಡರ್ ಮಾಡಿಬಿಟ್ಟೆ" ಅಂದರು. ಇಂಥವರಿಗೆ ಒತ್ತಾಯ ಮಾಡಬೇಡಿ. ಮತ್ತೆ ಕಳಿಸಿ ಅಂತಲೂ ಹಾಕಬೇಡಿ. ಅವತ್ತೇ ವಾಪಸ್ ಒತ್ತಿಬಿಡಿ, ಪಾರ್ಸೆಲ್ ಬ್ರಾಂಚ್‌ನ ಮೂಲೆಯಲ್ಲಿ ನಾಲ್ಕು ದಿನ ಬಿದ್ದು ಒದ್ದೆಯಾಗುವುದು ತಪ್ಪುತ್ತದೆ. ಆ ನಂಬರನ್ನು ಒಂದು ಪಟ್ಟಿಯಲ್ಲಿ ಬರೆದಿಡಿ, ಮುಂದಿನ ಸಲ ಅವರಿಗೆ ಸಿಓಡಿ ಇಲ್ಲ, ಅಷ್ಟೇ. ಆ ಪಟ್ಟಿಯನ್ನು ಮಾರಾಟಗಾರರ ವಾಟ್ಸಾಪ್ ಗ್ರೂಪಿನಲ್ಲಿ ಹಂಚುವುದು, ಗಿರಾಕಿಯ ನಂಬರ್ ಹಾಕಿ "ಮೋಸಗಾರರು" ಅಂತ ಬರೆಯುವುದು, ಇವೆಲ್ಲ ಮಾಡಬೇಡಿ. ಮನಸ್ಸು ಬದಲಾಯಿಸಿದ್ದು ಮೋಸ ಅಲ್ಲ, ಆ ಜಗಳ ತಿರುಗಿ ನಿಮ್ಮ ಮೇಲೇ ಬರುತ್ತದೆ.

ನಿಮ್ಮ ಒಂಬತ್ತು ಪಾರ್ಸೆಲ್‌ಗೂ ಈಗ ಇದೇ ಕೆಲಸ ಮಾಡಿ. ಒಂದು ನೋಟ್‌ಬುಕ್‌ನಲ್ಲಿ ಪ್ರತಿಯೊಂದಕ್ಕೂ ಎರಡು ಸಾಲು: ಕೊರಿಯರ್ ಕೊಟ್ಟ ಕಾರಣ ಏನು, ಗಿರಾಕಿಗೆ ಕರೆ ಮಾಡಿದಾಗ ಹೇಳಿದ ಕಾರಣ ಏನು. ಎರಡು ಕಾರಣ ಒಂದೇ ಆಗಿರುವುದು ಎಷ್ಟು ಕಡಿಮೆ ಅಂತ ನಿಮಗೇ ಆಶ್ಚರ್ಯ ಆಗಬಹುದು. ಈಗಲೂ ಬೇಕು ಅನ್ನುವವರು ಸಿಕ್ಕರೆ ಮುಂಗಡ ತೆಗೆದುಕೊಂಡು ಹೊಸ ಪ್ಯಾಕೆಟ್ ಕಳಿಸಿ. ಹಳೆಯದನ್ನು ಯಾಕೆ ಕಳಿಸಬಾರದು ಅಂತ ಆಮೇಲೆ ಹೇಳುತ್ತೇನೆ.

ಇನ್ನು ಕಳಿಸುವ ಮುಂಚೆ ಮಾಡಬೇಕಾದ ಎರಡು ಕೆಲಸ. ಒಂದು, ಪಿನ್ ಕೋಡ್. ಅರಸೀಕೆರೆ ಕಡೆಯ ಹಳ್ಳಿಯವರು ಜಿಲ್ಲೆ ಹಾಸನ ಅಂತ 573201 ಬರೆದುಬಿಡುತ್ತಾರೆ, ಅರಸೀಕೆರೆಯದು 573103. ನಿಮ್ಮಲ್ಲೂ ಹಾಗೇ, ಮೂಡಿಗೆರೆಯವರು 577132ರ ಬದಲು ಚಿಕ್ಕಮಗಳೂರಿನ 577101 ಹಾಕುತ್ತಾರೆ. ಕೊರಿಯರ್ ಯಂತ್ರಕ್ಕೆ ಊರಿನ ಹೆಸರು ಗೊತ್ತಾಗಲ್ಲ, ಪಿನ್ ಯಾವ ಬ್ರಾಂಚ್‌ಗೆ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಅಲ್ಲಿಯವರು ನಮ್ಮ ವ್ಯಾಪ್ತಿ ಅಲ್ಲ ಅಂತ ಒಂದು ದಿನ ಇಟ್ಟುಕೊಂಡು, ಮತ್ತೆ ಹಬ್‌ಗೆ ಕಳಿಸಿ, ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿ ಕಾಫಿ ಪುಡಿ ತಂದಿರುತ್ತಾರೆ. ಊರ ಹೆಸರು, ತಾಲೂಕು, ಪಿನ್ ಮೂರೂ ಒಂದಕ್ಕೊಂದು ಹೊಂದುತ್ತವಾ ಅಂತ ಲೇಬಲ್ ತೆಗೆಯುವ ಮುಂಚೆ ನೋಡಿ.

ಎರಡನೆಯದು, ಖಾತ್ರಿ ಮಾಡಿಕೊಳ್ಳುವ ಮೆಸೇಜ್. "ಆರ್ಡರ್ ಕನ್ಫರ್ಮ್ ಮಾಡಿ" ಅಂತ ಹಾಕಿದರೆ ಎಲ್ಲರೂ ಹೂಂ ಅಂತಾರೆ. ನಾನು ಹೀಗೆ ಹಾಕಿಸುತ್ತೇನೆ: "ನಮಸ್ಕಾರ, ನಿಮ್ಮ ಕಾಫಿ ಪುಡಿ ನಾಳೆ ಹೊರಡುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಬರುತ್ತದೆ. ಆ ದಿನ ಹಗಲು ಮನೆಯಲ್ಲಿ ಯಾರಿರುತ್ತಾರೆ, ಅವರ ನಂಬರ್ ಕೊಡಿ. ₹650 ಅವರ ಹತ್ತಿರ ಇಟ್ಟಿರಿ." ಈ ಮೆಸೇಜ್‌ಗೆ ನಂಬರ್ ಸಮೇತ ಉತ್ತರ ಕೊಟ್ಟವರು ಪಾರ್ಸೆಲ್ ಬಿಡುವುದು ತುಂಬಾ ಅಪರೂಪ. ಎರಡು ದಿನ ಉತ್ತರವೇ ಇಲ್ಲ, ಕರೆಯೂ ಎತ್ತಲ್ಲ ಅಂದರೆ ಕಳಿಸಬೇಡಿ. ಒಂದು ಆರ್ಡರ್ ಹೋಯಿತು ಅಂತ ಬೇಜಾರಾಗುತ್ತದೆ, ಆದರೆ ₹205 ಉಳಿಯಿತು.

ಸಿಓಡಿ ನಿಲ್ಲಿಸುವುದರ ಬದಲು ಸಣ್ಣ ಮುಂಗಡ ಇಟ್ಟು ನೋಡಿ. ₹650ರಲ್ಲಿ ₹100 ಮೊದಲೇ, ಉಳಿದ ₹550 ಬಾಗಿಲಲ್ಲಿ. ಬುಕ್ ಮಾಡುವಾಗ ಸಿಓಡಿ ಮೊತ್ತ ₹550 ಅಂತಲೇ ಹಾಕಿ, ಇಲ್ಲಿ ತಪ್ಪಿದರೆ ಮೇಲೆ ಹೇಳಿದ ಜಗಳವೇ. ನಿರಾಕರಿಸಿದರೆ ಮುಂಗಡ ವಾಪಸ್ ಇಲ್ಲ ಅನ್ನುವುದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಬರೆದು ತಿಳಿಸಿರಬೇಕು, ಆಮೇಲೆ ಹೇಳಿದರೆ ಅದು ನ್ಯಾಯ ಅಲ್ಲ. ಒಂದಷ್ಟು ಆರ್ಡರ್ ಕಡಿಮೆ ಆಗುತ್ತವೆ, ಅದು ನಿಜ. ನನ್ನ ಅನುಭವದಲ್ಲಿ ಹೋಗುವವು ಹೆಚ್ಚಾಗಿ ವಾಪಸ್ ಬರುತ್ತಿದ್ದವೇ. ಹಳೆ ಗಿರಾಕಿಗಳಿಗೆ, ಎರಡು ಸಲ ತೆಗೆದುಕೊಂಡವರಿಗೆ ಮುಂಗಡ ಕೇಳಬೇಡಿ, ಅವಮಾನ ಅನಿಸುತ್ತದೆ.

ಖಾಸಗಿ ಕೊರಿಯರ್ ಹೋಗದ ಊರುಗಳಿಗೆ ಅಂಚೆಯೇ ಸರಿ. ಕೊಪ್ಪ, ಶೃಂಗೇರಿ ಕಡೆಯ ಒಳಗಿನ ಮನೆಗಳಿಗೆ ಕೊರಿಯರ್‌ನವರು "ಬ್ರಾಂಚ್‌ಗೆ ಬಂದು ತಗೊಳ್ಳಿ" ಅಂತಾರೆ, ಗಿರಾಕಿ ಮೂವತ್ತು ಕಿಲೋಮೀಟರ್ ಬರಲ್ಲ, ಪಾರ್ಸೆಲ್ ವಾಪಸ್. ಪೋಸ್ಟ್‌ಮ್ಯಾನ್‌ಗೆ ಆ ಮನೆ ಗೊತ್ತು, ಮನೆಯವರು ಯಾವಾಗ ಇರ್ತಾರೆ ಅಂತಲೂ ಗೊತ್ತು. ಸಿಗದಿದ್ದರೆ ಪಾರ್ಸೆಲ್ ಸಾಮಾನ್ಯವಾಗಿ 7 ದಿನ ಅಂಚೆ ಕಚೇರಿಯಲ್ಲಿರುತ್ತದೆ, ಆಮೇಲೆ ಕಳಿಸಿದವರಿಗೆ ವಾಪಸ್. ವಾಪಸ್ ಬಂದ ಪೊಟ್ಟಣದ ಮೇಲೆ ಷರಾ ಇರುತ್ತದೆ, ಅದನ್ನು ಓದಿ. "Refused" ಅಂದರೆ ಬೇಡ ಅಂದರು, "Unclaimed" ಅಂದರೆ ತಿಳಿಸಿದರೂ ತೆಗೆದುಕೊಳ್ಳಲಿಲ್ಲ, "Insufficient address" ಅಂದರೆ ತಪ್ಪು ನಿಮ್ಮ ಲೇಬಲ್‌ನದು.

ಈಗ ವಾಪಸ್ ಬಂದ ಪಾರ್ಸೆಲ್ ಕೈಗೆ ತೆಗೆದುಕೊಳ್ಳುವ ವಿಷಯ. ಇದರಲ್ಲಿ ನಾನೇ ಪಾಠ ಕಲಿತಿದ್ದೇನೆ. ಒಂದು ಸಲ ಸಂಜೆ ಮಳೆ, ಗಾಡಿಯವನಿಗೆ ಆತುರ, ಹದಿನಾಲ್ಕು ವಾಪಸ್ ಅಂದ, ಚೀಲ ತೆಗೆದುಕೊಂಡು ಸಹಿ ಹಾಕಿದೆ. ಒಳಗೆ ಎಣಿಸಿದರೆ ಹನ್ನೆರಡು. ಎರಡು ಪಾರ್ಸೆಲ್‌ಗೂ "RTO Delivered" ಆಗಿಹೋಗಿತ್ತು, ನನ್ನ ಸಹಿ ಇತ್ತು. ಕಂಪನಿಯವರು ನಕ್ಕು ಸುಮ್ಮನಾದರು. ಅವತ್ತಿನಿಂದ ನಾನು ಸಹಿಗೆ ಮುಂಚೆ ಪಟ್ಟಿ ಹಿಡಿದು ಒಂದೊಂದೇ ಟ್ರ್ಯಾಕಿಂಗ್ ನಂಬರ್ ಟಿಕ್ ಮಾಡುತ್ತೇನೆ. ಗಾಡಿಯವನು ಗೊಣಗಿದರೆ ಒಂದು ಲೋಟ ಕಾಫಿ ಕೊಡಿ, ನಿಮ್ಮ ಮನೆಯಲ್ಲಿ ಅದಕ್ಕೇನು ಬರ!

ಡಬ್ಬ ನೋಡಿದ ಕೂಡಲೇ ಟೇಪ್ ನಿಮ್ಮದೇನಾ ಅಂತ ನೋಡಿ. ಬೇರೆ ಬಣ್ಣದ ಟೇಪ್, ಎರಡನೇ ಪದರ, ಒದ್ದೆ ಮೂಲೆ ಕಂಡರೆ ಸಹಿಯ ಪಕ್ಕ ಅದನ್ನೇ ಬರೆಯಿರಿ, ಫೋಟೋ ತೆಗೆಯಿರಿ. ತೆರೆಯುವ ಮುಂಚೆ ತೂಕ ಹಾಕಿ. ಹೋಗುವಾಗ 1.15 ಕೆಜಿ ಇದ್ದದ್ದು ಬರುವಾಗ 0.6 ಆಗಿದ್ದರೆ ಒಂದು ಪ್ಯಾಕೆಟ್ ದಾರಿಯಲ್ಲಿ ಇಳಿದಿದೆ. ತೆರೆಯುವ ವಿಡಿಯೋ ಲೇಬಲ್‌ನಿಂದ ಶುರುವಾಗಿ, ನಡುವೆ ನಿಲ್ಲಿಸದೆ, ತಕ್ಕಡಿ ತೋರಿಸಿ, ಒಳಗಿನ ಸಾಮಾನಿನ ತನಕ ಒಂದೇ ಶಾಟ್‌ನಲ್ಲಿ ಇರಬೇಕು. ತುಂಡು ವಿಡಿಯೋವನ್ನು ಯಾರೂ ಒಪ್ಪಲ್ಲ. ದೂರು ಹಾಕಲು ಹೆಚ್ಚಿನ ಕಡೆ ಒಂದೆರಡು ದಿನ ಮಾತ್ರ ಕೊಡುತ್ತಾರೆ, ನಿಮ್ಮ ಒಪ್ಪಂದದಲ್ಲಿ ಎಷ್ಟು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಮೇಜಿನ ಮೇಲೆ ವಾರಗಟ್ಟಲೆ ಕೂತ ಡಬ್ಬಕ್ಕೆ ಯಾವ ದೂರೂ ನಡೆಯಲ್ಲ.

ಇನ್ನು ಒಳಗಿನ ಪುಡಿ. ಹೋಗುವಾಗ ನಾಲ್ಕು ದಿನ ಆದರೆ ಬರುವಾಗ ಹತ್ತು ಹದಿನೈದು ದಿನ ಹಿಡಿಯುವುದು ಸಾಮಾನ್ಯ, ವಾಪಸ್ ಚೀಲಕ್ಕೆ ಯಾರಿಗೂ ಆತುರ ಇರಲ್ಲ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಕರಾವಳಿ ಕಡೆಯಿಂದ ಬರುವುದು ಇನ್ನೂ ತಡ. ಅಷ್ಟರಲ್ಲಿ ಹುರಿದ ಕಾಫಿಯ ಪರಿಮಳ ಇಳಿದಿರುತ್ತದೆ. ಚಿಕೋರಿ ಸೇರಿಸಿದ ಪುಡಿಯಾದರೆ ಇನ್ನೂ ಜಾಗ್ರತೆ, ಚಿಕೋರಿ ತೇವ ಎಳೆದುಕೊಳ್ಳುತ್ತದೆ. ಪೌಚನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಗಂಟು ಸಿಕ್ಕರೆ ಸೀಲ್ ಎಲ್ಲೋ ಬಿಟ್ಟಿದೆ, ಅದು ಮಾರಾಟಕ್ಕಲ್ಲ. ಸೀಲ್ ಗಟ್ಟಿಯಿದ್ದು ಪುಡಿ ಹರಿದಾಡುತ್ತಿದ್ದರೆ ಆ ಬ್ಯಾಚ್‌ನ ಒಂದನ್ನು ಒಡೆದು ಡಿಕಾಕ್ಷನ್ ಇಳಿಸಿ ಕುಡಿದು ನೋಡಿ. ಚೆನ್ನಾಗಿದ್ದರೆ ಹತ್ತಿರದ ಗಿರಾಕಿಗಳಿಗೆ, ಪ್ಯಾಕ್ ಮಾಡಿದ ದಿನ ತಿಳಿಸಿ, ಬೆಲೆ ಇಳಿಸಿ ಕೊಡಿ. ದೂರದ ಹೊಸ ಗಿರಾಕಿಗೆ ಬೇಡ. ಅವರ ಮೊದಲ ಲೋಟವೇ ಸಪ್ಪೆಯಾದರೆ ಎರಡನೇ ಆರ್ಡರ್ ಬರಲ್ಲ. ಹಳೆ ಪೌಚ್ ಮೇಲೆ ಹೊಸ ದಿನಾಂಕದ ಸ್ಟಿಕ್ಕರ್ ಅಂಟಿಸುವುದಂತೂ ಆಹಾರ ಕಾನೂನಿನ ಪ್ರಕಾರ ಅಪರಾಧ. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗಿರಾಕಿಯ ಕೈಗೆ ಸೇರುವಾಗ ಬಾಳಿಕೆಯ ಶೇ 30ರಷ್ಟು ಅಥವಾ 45 ದಿನ ಉಳಿದಿರಬೇಕು ಅಂತ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಹೇಳಿದೆ, ಎರಡೆರಡು ಸಲ ತಿರುಗಿದ ಪ್ಯಾಕೆಟ್ ಇದರಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ಜಿಎಸ್‌ಟಿ ನೋಂದಣಿ ಇದ್ದರೆ ಒಂದು ಮಾತು. ಕಳಿಸುವಾಗ ಬಿಲ್ ಆಗಿದೆ, ತೆರಿಗೆ ಲೆಕ್ಕಕ್ಕೆ ಹೋಗಿದೆ. ಸಾಮಾನು ವಾಪಸ್ ಬಂದರೆ ಆ ಬಿಲ್‌ಗೆ ಕ್ರೆಡಿಟ್ ನೋಟ್ ಮಾಡಿ, ಇಲ್ಲದಿದ್ದರೆ ಮಾರದ ಕಾಫಿಗೂ ತೆರಿಗೆ ಕಟ್ಟಿದ ಹಾಗೆ. ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಹಾಕುವುದರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ತೋರಿಸಬೇಕು. ಆದರೆ ಅಷ್ಟು ದಿನ ಕಾಯಬೇಡಿ, ಪಾರ್ಸೆಲ್ ತೆರೆದ ದಿನವೇ ನೋಟ್‌ಬುಕ್‌ನ ಆ ಎರಡು ಸಾಲಿನ ಕೆಳಗೆ ಕ್ರೆಡಿಟ್ ನೋಟ್ ನಂಬರ್ ಬರೆದುಬಿಡಿ. ತಿಂಗಳ ಕೊನೆಗೆ ಕೊರಿಯರ್ ಬಿಲ್ ಬಂದಾಗ ಅದೇ ಪುಟ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ವಾಪಸ್ ಚಾರ್ಜ್ ತಾಳೆ ನೋಡಿ. ರಾತ್ರಿ 8.40ರ ಪ್ರಯತ್ನಗಳಿಗೂ ಚಾರ್ಜ್ ಹಾಕಿದ್ದರೆ ಆ ಸಾಲಿಗೆ ಗುರುತು ಹಾಕಿ, ಸ್ಕ್ರೀನ್‌ಶಾಟ್ ಸಮೇತ ವಾಪಸ್ ಕೇಳಿ. ಎಲ್ಲಕ್ಕೂ ಕೊಡಲ್ಲ, ಕೆಲವಕ್ಕೆ ಕೊಡುತ್ತಾರೆ.